ಬಿಲ್ ಬೆಳ್ಳಗಾಯ್ತು, ವಾರಂಟಿ ಮಾತ್ರ ಇನ್ನೂ ನಾಲ್ಕು ವರ್ಷ ಇತ್ತು

ಈ ಸಲದ ಮಾತು ಮನ್ನಾಏಖೇಳ್ಳಿಯ ನಮ್ಮ ಮನೆ ಫ್ರಿಡ್ಜ್ ಬಗ್ಗೆ. 2019ರ ಮೇ 10ರಂದು ಹುಮನಾಬಾದಿನ ಒಂದು ಅಂಗಡಿಯಲ್ಲಿ ತಗೊಂಡಿದ್ದು. 2025ರ ಏಪ್ರಿಲ್‌ನಲ್ಲಿ, ಸರಿಯಾಗಿ ಬಿಸಿಲು ಏರೋ ಹೊತ್ತಿಗೆ, ತಂಪಾಗೋದು ನಿಂತಿತು. ಒಳಗೆ ಲೈಟ್ ಹತ್ತುತ್ತೆ, ಹಿಂದೆ ಕಂಪ್ರೆಸರ್ ಸದ್ದೇ ಇಲ್ಲ.

ವಾರಂಟಿ ಕಾರ್ಡ್‌ನಲ್ಲಿ ಎರಡು ಅವಧಿ ಇದ್ದವು. ಇಡೀ ಫ್ರಿಡ್ಜ್‌ಗೆ 1 ವರ್ಷ, ಕಂಪ್ರೆಸರ್‌ಗೆ 10 ವರ್ಷ. ಅಂದ್ರೆ ಮೊದಲನೆಯದು 2020ರ ಮೇ 9ಕ್ಕೇ ಮುಗಿದಿತ್ತು, ಎರಡನೆಯದು 2029ರ ಮೇ 9ರ ತನಕ ಇತ್ತು. ನಮ್ಮವ್ವ ಬಿಲ್ಲನ್ನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಲಮಾರಿಯಲ್ಲಿ ಜೋಪಾನವಾಗಿ ಇಟ್ಟಿದ್ದಳು. ತೆಗೆದು ನೋಡಿದ್ರೆ ಬರೀ ಬಿಳಿ ಹಾಳೆ!

ಅದರ ಮೇಲೆ ಶಾಯಿ ಇರೋದೇ ಇಲ್ಲರಿ. ಅದು ಥರ್ಮಲ್ ಕಾಗದ. ಬಿಸಿ ತಾಗಿದ ಕಡೆ ಅದರ ಲೇಪನ ಕಪ್ಪಾಗುತ್ತೆ, ಅದೇ ಅಕ್ಷರ. ಬಿಸಿಲು, ಶಾಖ ಮತ್ತು ಕೆಲವು ಪ್ಲಾಸ್ಟಿಕ್ ಕವರುಗಳಲ್ಲಿನ ರಾಸಾಯನಿಕ ಆ ಅಕ್ಷರಗಳನ್ನ ಅಳಿಸಿಬಿಡ್ತವೆ. ಲ್ಯಾಮಿನೇಶನ್ ಮಾಡಿಸಿದ್ರೆ ಇನ್ನೂ ಕೆಟ್ಟದ್ದು, ಆ ಬಿಸಿಗೆ ಇಡೀ ಬಿಲ್ಲೇ ಕಪ್ಪಾಗುತ್ತೆ. ತಂದ ದಿನವೇ ಫೋಟೋ ತೆಗೆದು, ಒಂದು ಜೆರಾಕ್ಸ್ ಮಾಡಿಸಿ ಇಡಬೇಕು.

ಬಿಲ್ ಇಲ್ಲದಿದ್ರೆ ಕೆಲವು ಕಂಪನಿಗಳು ಫ್ರಿಡ್ಜ್ ತಯಾರಾದ ತಿಂಗಳಿನಿಂದಲೇ ವಾರಂಟಿ ಎಣಿಸ್ತವೆ. ಆಗ ಅಂಗಡಿಯಲ್ಲಿ ನಿಂತಿದ್ದ ತಿಂಗಳುಗಳೂ ನಮ್ಮ ಲೆಕ್ಕದಿಂದಲೇ ಹೋಗ್ತವೆ.

ಇಲ್ಲಿ ನನ್ನ ಬಿಕಾಂ ಸ್ವಲ್ಪ ಉಪಯೋಗಕ್ಕೆ ಬಂತು. ಜಿಎಸ್‌ಟಿ ನೋಂದಣಿ ಇರೋ ವ್ಯಾಪಾರಿ ತನ್ನ ಲೆಕ್ಕಪತ್ರಗಳನ್ನ ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2019ರ ಮೇ ತಿಂಗಳ ಬಿಲ್ಲಿಗೆ 2025ರಲ್ಲಿ ಆ ಅವಧಿ ಮುಗಿದಿರಲಿಲ್ಲ. ಅಪ್ಪನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ದುಡ್ಡು ಹೋದ ತಾರೀಖು ಸಿಕ್ತು. ಅದನ್ನ ಹಿಡ್ಕೊಂಡು ಅಂಗಡಿಗೆ ಹೋದೆ. ಅರ್ಧ ತಾಸು ಕೂರಿಸಿದ್ರು, ಆದ್ರೆ ಸೀಲ್ ಹಾಕಿದ ನಕಲು ಬಿಲ್ ಕೊಟ್ರು. ಅದರಲ್ಲಿ ಸೀರಿಯಲ್ ನಂಬರ್ ಇತ್ತು, ಫ್ರಿಡ್ಜ್ ಸ್ಟಿಕ್ಕರಿನ ನಂಬರಿಗೆ ಹೊಂದಿತು. ಸೀರಿಯಲ್ ನಂಬರ್ ಇಲ್ಲದ ಚೀಟಿ ಕೊಟ್ರೆ ಅಲ್ಲೇ ಬರೆಸಿಕೊಳ್ಳಿ. ಆ ಬಿಲ್ ಇದೇ ಫ್ರಿಡ್ಜಿನದು ಅಂತ ತೋರಿಸೋಕೆ ಬೇರೆ ದಾರಿ ಕಡಿಮೆ.

ಸರ್ವಿಸ್ ನಂಬರ್ ಗೂಗಲ್‌ನಲ್ಲಿ ಹುಡುಕಲಿಲ್ಲ, ಅಲ್ಲಿ ನಕಲಿ ಕಸ್ಟಮರ್ ಕೇರ್ ನಂಬರುಗಳ ಕಾಟ. ವಾರಂಟಿ ಕಾರ್ಡಿನ ಮೇಲಿದ್ದ ನಂಬರಿಗೇ ಫೋನ್ ಮಾಡಿದೆ. ಕಂಪ್ರೆಸರ್ ಪುಕ್ಕಟೆ ಬಂತು. ಗ್ಯಾಸ್ ತುಂಬೋದು, ಮೆಕ್ಯಾನಿಕ್ ಕೂಲಿ, ಸಾಗಣೆ ನಮ್ಮ ಕೈಯಿಂದ. ಇದು ಕಾರ್ಡಿನ ಸಣ್ಣ ಅಕ್ಷರದಲ್ಲೇ ಇತ್ತು, ನಾವು ಓದಿರಲಿಲ್ಲ ಅಷ್ಟೇ. ಕಂಪನಿ ಒಪ್ಪದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿಯೂ ಮೊದಲು ಕೇಳೋದು ಬಿಲ್ಲನ್ನೇ.

ಈಗ ಮನೆಯಲ್ಲಿ ಒಂದು ಫೈಲ್ ಇದೆ. ಒಂದೊಂದು ಸಾಮಾನಿಗೆ ಒಂದೊಂದು ಪುಟ: ಬಿಲ್ಲಿನ ಜೆರಾಕ್ಸ್, ಸೀರಿಯಲ್ ನಂಬರ್, ಸರ್ವಿಸ್ ಫೋನ್, ಎರಡೂ ಮುಗಿಯೋ ತಾರೀಖು. ಮೊದಲ ವರ್ಷದ ವಾರಂಟಿ ಮುಗಿಯೋ ಒಂದು ತಿಂಗಳು ಮುಂಚೆ ಮೊಬೈಲ್ ಕ್ಯಾಲೆಂಡರ್ ಕೂಗುತ್ತೆ, ಸಣ್ಣಪುಟ್ಟ ದೂರಿದ್ರೆ ಆಗಲೇ ಹೇಳಬೇಕು. ಫ್ರಿಡ್ಜ್ ಪುಟಕ್ಕೆ ಮೆಕ್ಯಾನಿಕ್ ಕೊಟ್ಟ ಜಾಬ್ ಶೀಟ್ ಕೂಡ ಪಿನ್ ಮಾಡಿದೀನಿ. ಹೊಸ ಕಂಪ್ರೆಸರ್‌ಗೆ ಮತ್ತೆ 10 ವರ್ಷ ಸಿಗುತ್ತೆ ಅಂತ ಅವ್ವ ತಿಳಿದಿದ್ದಳು. ಇಲ್ಲ, ಕಾರ್ಡಿನ ಪ್ರಕಾರ ಹಳೇ ಅವಧಿಯಲ್ಲಿ ಉಳಿದಿದ್ದಷ್ಟೇ. ತಾರೀಖು ಈಗಲೂ 2029ರ ಮೇ 9.