ಲೆಕ್ಕದಲ್ಲಿ 480, ಗೋದಾಮಿನಲ್ಲಿ 449

ಸಗಟು ಕಿರಾಣಿ ಅಂಗಡಿಯೊಂದರ ಕಂಪ್ಯೂಟರಿನಲ್ಲಿ ಎಣ್ಣೆ ಪ್ಯಾಕೆಟ್ 480 ಇದೆ, ಎಣಿಸಿದರೆ 449 ಎಂದಿಟ್ಟುಕೊಳ್ಳೋಣ. ಕೊರತೆ 31. ಕಳ್ಳತನದ ಅನುಮಾನಕ್ಕೆ ಇದು ಹೊತ್ತಲ್ಲ. ಮೊದಲು ಬೇರೆಯವರಿಂದ ಇನ್ನೊಮ್ಮೆ ಎಣಿಸಬೇಕು.

ಸಂಖ್ಯೆ ಬದಲಾಗದಿದ್ದರೆ ಎಣಿಕೆಯ ಹೊತ್ತಿನ ಚಲನ್‌ಗಳನ್ನು ನೋಡಬೇಕು. ಬೆಳಿಗ್ಗೆ 12 ಪ್ಯಾಕೆಟ್ ಹೊರಹೋಗಿದೆ, ಬಿಲ್ಲಾಗಿದ್ದು ಸಂಜೆ. ಉಳಿದದ್ದು 19.

ಮುಂದಿನದು, ಹಿಂದಿನ ಸಲ ಲೆಕ್ಕ ತಾಳೆಯಾದ ದಿನದಿಂದೀಚಿನ ಖರೀದಿ ಬಿಲ್ಲುಗಳು. ಇಲ್ಲಿ ತಪ್ಪು ಚೆನ್ನಾಗಿ ಅಡಗುತ್ತದೆ: ಕಂಪನಿ ಬಾಕ್ಸಿಗೆ 12ರ ಬದಲು 10 ಪ್ಯಾಕೆಟ್ ತುಂಬತೊಡಗಿದರೂ ಕಂಪ್ಯೂಟರ್ ಹಳೆಯ ಲೆಕ್ಕವನ್ನೇ ಹಿಡಿದಿದೆ. ಅಂಥ 8 ಬಾಕ್ಸಿಗೆ 16 ಹೆಚ್ಚು.

ಸೋರುವ 2 ಪ್ಯಾಕೆಟ್ ಮೂಲೆಯಲ್ಲಿದ್ದು ಎಣಿಕೆಗೇ ಬಂದಿಲ್ಲ. ಅವು ಹಾಳಾದ ಮಾಲಿನ ಲೆಕ್ಕಕ್ಕೆ ಹೋಗಬೇಕು. ಕಾರಣ ಸಿಗದೆ ಉಳಿದ 1 ಪ್ಯಾಕೆಟನ್ನಷ್ಟೇ ಮಾಲೀಕರ ಒಪ್ಪಿಗೆ ಪಡೆದು ಕೊರತೆಯೆಂದು ಬರೆಯಲಾಗುತ್ತದೆ.