ಇಬ್ಬರು ಮೇಷ್ಟ್ರು, ಐದು ತರಗತಿ

ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೋದಾಗ ಗೋಡೆಗೆ ಅಂಟಿಸಿದ ವೇಳಾಪಟ್ಟಿಯನ್ನು ಒಮ್ಮೆ ಓದಿ ನೋಡಬೇಕು. ಐದು ತರಗತಿಗೆ ಐದು ಸಾಲು, ದಿನಕ್ಕೆ ಎಂಟು ಮನೆ, ಪ್ರತಿ ಮನೆಯಲ್ಲೂ ಒಂದೊಂದು ವಿಷಯ. ಬಣ್ಣದ ಪೆನ್ನಿನಲ್ಲಿ ಬರೆದ ಪಟ್ಟಿ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಅಲ್ಲಿರುವುದು ಇಬ್ಬರೇ ಶಿಕ್ಷಕರು. ಪಟ್ಟಿಯನ್ನು ನಂಬಿದರೆ ಸೋಮವಾರದ ಮೂರನೇ ಪಿರಿಯಡ್ಡಿನಲ್ಲಿ ಆ ಇಬ್ಬರು ಐದು ಕಡೆ ಪಾಠ ಮಾಡುತ್ತಿರಬೇಕು!

ಇಂಥ ಶಾಲೆಯಲ್ಲಿ ಹುದ್ದೆ ಖಾಲಿ ಇದೆಯೆಂದು ಭಾವಿಸಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ಒಟ್ಟು 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಸಾಕು, 61ರಿಂದ 90ರವರೆಗೆ ಮೂವರು. ಕಾಯ್ದೆ ಎಣಿಸುವುದು ಮಕ್ಕಳ ತಲೆಯನ್ನು, ತರಗತಿಗಳನ್ನಲ್ಲ. 34 ಮಕ್ಕಳಿದ್ದರೂ ತರಗತಿ ಐದೇ, ಪಠ್ಯಪುಸ್ತಕಗಳೂ ಐದು ತರಗತಿಯವೇ.

ಲೆಕ್ಕ ಹಾಕಿ ನೋಡೋಣ. 40 ನಿಮಿಷದ ಪಿರಿಯಡ್ಡುಗಳು ವಾರದ ಐದು ದಿನ ಎಂಟೆಂಟು, ಶನಿವಾರ ಬೆಳಗಿನ ಶಾಲೆಯಲ್ಲಿ ಐದು ಎಂದಿಟ್ಟುಕೊಂಡರೆ ಒಂದು ತರಗತಿಗೆ ವಾರಕ್ಕೆ 45 ಪಿರಿಯಡ್. ಐದು ತರಗತಿಗೆ 225. ಇಬ್ಬರು ಶಿಕ್ಷಕರು ಒಂದು ನಿಮಿಷವೂ ಕೂರದೆ ದುಡಿದರೂ ಕೊಡಬಲ್ಲದ್ದು 90. ಅಂದರೆ ತರಗತಿಗಳನ್ನು ಬೇರೆ ಬೇರೆಯಾಗಿ ನಡೆಸಿದರೆ ಮಗುವಿನ 45 ಪಿರಿಯಡ್ಡುಗಳಲ್ಲಿ 27ರಲ್ಲಿ ಎದುರಿಗೆ ಶಿಕ್ಷಕರೇ ಇರುವುದಿಲ್ಲ. ಆ ಹೊತ್ತಿನಲ್ಲಿ ಮಗು ಏನು ಮಾಡುತ್ತಿರುತ್ತದೆ ಎಂಬುದನ್ನು ಬರೆಯಲು ಮಾಮೂಲಿ ವೇಳಾಪಟ್ಟಿಯಲ್ಲಿ ಜಾಗವಿಲ್ಲ. ಹೊಸ ಪ್ರಸ್ತಾವನೆ ಶುರುವಾಗಬೇಕಾದದ್ದು ಇಲ್ಲಿಂದ.

ಅರ್ಧ ಕೆಲಸವನ್ನು ಕರ್ನಾಟಕ ಆಗಲೇ ಮಾಡಿಕೊಂಡಿದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು ರೂಪಿಸಿದ ‘ನಲಿ-ಕಲಿ’ಯಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತು, ತಮ್ಮ ಮೆಟ್ಟಿಲಿನ ಕಾರ್ಡು ಹಿಡಿದು ಕಲಿಯುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಅರ್ಧ, ಮತ್ತೊಂದಕ್ಕೆ ಜೊತೆಯ ಮಕ್ಕಳ ನೆರವು, ಕೊನೆಯದಕ್ಕೆ ಸ್ವಕಲಿಕೆ. ಶಿಕ್ಷಕರು ಎಲ್ಲರೊಂದಿಗೂ ಒಂದೇ ಹೊತ್ತಿಗೆ ಇರಲಾರರು ಎಂಬುದನ್ನು ಒಪ್ಪಿಕೊಂಡೇ ಕಟ್ಟಿದ ವ್ಯವಸ್ಥೆ ಇದು.

ತೊಡಕು ಶುರುವಾಗುವುದು ನಾಲ್ಕನೇ ತರಗತಿಯಿಂದ. ಅಲ್ಲಿ ಕಾರ್ಡು ಮುಗಿದು ಪಠ್ಯಪುಸ್ತಕ ಬರುತ್ತದೆ, ಗುಂಪು ಹೋಗಿ ಸಾಲು ಬರುತ್ತದೆ. ಪಕ್ಕದಲ್ಲೇ ಐದನೆಯವರು ಕೂತಿರುತ್ತಾರೆ.

34 ಮಕ್ಕಳ ಆ ಶಾಲೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಂದರಿಂದ ಮೂರರವರೆಗೆ 19 ಮಕ್ಕಳು, ನಾಲ್ಕರಲ್ಲಿ 7, ಐದರಲ್ಲಿ 8. ನಲಿ-ಕಲಿ ತರಬೇತಿ ಪಡೆದ ಶಿಕ್ಷಕಿಗೆ ಕೆಳಗಿನ ಮೂರು, ಪ್ರಭಾರ ಮುಖ್ಯ ಶಿಕ್ಷಕರಿಗೆ ನಾಲ್ಕು ಮತ್ತು ಐದು. ತಲೆ ಎಣಿಸಿದರೆ ಶಿಕ್ಷಕಿಯ ಪಾಲು ಹೆಚ್ಚು. ಆದರೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲವೂ ಮುಖ್ಯ ಶಿಕ್ಷಕರ ತಲೆಗೇ ಬರುವುದರಿಂದ ಈ ಹಂಚಿಕೆ ಸರಿಯೇ. ಇಬ್ಬರಲ್ಲಿ ಒಬ್ಬರ ಇಂಗ್ಲಿಷ್ ಚೆನ್ನಾಗಿದ್ದರೆ ಆ ವಿಷಯಕ್ಕೆ ಮಾತ್ರ ಕೋಣೆ ಬದಲಿಸಿಕೊಳ್ಳಬಹುದು. ಎಲ್ಲ ವಿಷಯಗಳನ್ನೂ ಹೀಗೆ ಹಂಚಿಕೊಳ್ಳಲು ಹೋದರೆ ಮಾತ್ರ ಎಳೆಯ ಮಕ್ಕಳು ಯಾರ ಕೈಗೂ ಸಿಗದೆ ಹೋಗುತ್ತಾರೆ.

ಮೊದಲ ಬದಲಾವಣೆ, 40 ನಿಮಿಷದ ಪಿರಿಯಡ್ಡನ್ನು ಕೈಬಿಡುವುದು. ಎರಡು ತರಗತಿಗೆ ಹಂಚಿದರೆ ಅದು ಇಪ್ಪತ್ತಿಪ್ಪತ್ತು ನಿಮಿಷವಾಗುತ್ತದೆ. ಪುಸ್ತಕ ತೆಗೆಸುವುದರಲ್ಲೇ ಐದು ನಿಮಿಷ ಕಳೆಯುತ್ತದೆ. ಎರಡೆರಡು ಪಿರಿಯಡ್ ಸೇರಿಸಿ 80 ನಿಮಿಷದ ಅವಧಿ ಮಾಡಿದರೆ ದಿನಕ್ಕೆ ನಾಲ್ಕು ಅವಧಿ. ವಾರದಲ್ಲಿ ಗಣಿತಕ್ಕೆ ಐದು, ಕನ್ನಡಕ್ಕೆ ಐದು, ಪರಿಸರ ಅಧ್ಯಯನಕ್ಕೂ ಇಂಗ್ಲಿಷಿಗೂ ನಾಲ್ಕು ನಾಲ್ಕು. ಇಷ್ಟಕ್ಕೆ 36 ಪಿರಿಯಡ್ ಹೋಗಿ ಒಂಬತ್ತು ಉಳಿಯುತ್ತವೆ.

ಒಂದು ಗಣಿತದ ಅವಧಿ ಹೇಗೆ ಸಾಗುತ್ತದೆ? ಮೊದಲ 10 ನಿಮಿಷ ಎರಡೂ ತರಗತಿಗೆ ಒಟ್ಟಿಗೆ ಬಾಯಿಲೆಕ್ಕ. ಮುಂದಿನ 25 ನಿಮಿಷ ಶಿಕ್ಷಕರು ಐದನೆಯವರ ಬಳಿ ಕೂತು ಭಿನ್ನರಾಶಿ ಹೇಳಿಕೊಡುತ್ತಾರೆ. ಆಗ ನಾಲ್ಕನೆಯವರು ನಿನ್ನೆ ಕಲಿತ ಗುಣಾಕಾರದ ಲೆಕ್ಕಗಳನ್ನು ಮಾಡುತ್ತಿರುತ್ತಾರೆ. ಆಮೇಲೆ 25 ನಿಮಿಷ ಅದಲುಬದಲು. ಕೊನೆಯ 20 ನಿಮಿಷ ಎರಡೂ ಕಡೆಯ ನೋಟ್‌ಬುಕ್ ತಿದ್ದುವುದು, ಎಡವಿದವರನ್ನು ಪಕ್ಕಕ್ಕೆ ಕರೆದು ಮತ್ತೆ ಹೇಳುವುದು. ಇಲ್ಲಿ ಒಂದು ಕಟ್ಟುಪಾಡಿದೆ. ಶಿಕ್ಷಕರಿಲ್ಲದ 25 ನಿಮಿಷಕ್ಕೆ ಹೊಸ ಪಾಠ ಕೊಡಕೂಡದು. ಮಗುವಿಗೆ ಈಗಾಗಲೇ ಗೊತ್ತಿದ್ದು, ಕೈ ಕುದುರಬೇಕಾದ ಕೆಲಸವೇ ಆಗಬೇಕು. ಹಾಗಾಗಿ ವೇಳಾಪಟ್ಟಿಯ ಪ್ರತಿ ಮನೆಯಲ್ಲೂ ಎರಡು ಸಾಲು ಬೇಕು: ಶಿಕ್ಷಕರು ಯಾರ ಬಳಿ ಇದ್ದಾರೆ, ಉಳಿದವರ ಕೈಯಲ್ಲಿ ಏನಿದೆ.

ಪರಿಸರ ಅಧ್ಯಯನದಲ್ಲಿ ಇಷ್ಟು ಕಸರತ್ತು ಬೇಡ. ನೀರು, ಆಹಾರ, ವಸತಿಯಂಥ ವಿಷಯಗಳನ್ನು ಎರಡೂ ತರಗತಿಗೆ ಒಟ್ಟಿಗೆ ಮಾತಾಡಿ, ಬರವಣಿಗೆಯನ್ನು ಮಾತ್ರ ಬೇರೆ ಬೇರೆ ಕೊಡಬಹುದು. ಈ ವರ್ಷ ಇಬ್ಬರಿಗೂ ನಾಲ್ಕನೆಯ ಪುಸ್ತಕ, ಮುಂದಿನ ವರ್ಷ ಇಬ್ಬರಿಗೂ ಐದನೆಯದು ಎಂಬ ಸಲಹೆಯನ್ನೂ ಕೆಲವರು ಮುಂದಿಡುತ್ತಾರೆ. ಕೇಳಲು ಸುಲಭ. ಆದರೆ ಮಗು ನಡುವೆ ಬೇರೆ ಶಾಲೆಗೆ ಹೋದರೆ ಒಂದು ಪುಸ್ತಕ ತಪ್ಪಿಹೋಗುತ್ತದೆ. 2023ರಲ್ಲಿ ನಡೆದಂತೆ ಐದನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಬಂದರಂತೂ ಫಜೀತಿ. ಗಣಿತಕ್ಕೆ ಈ ದಾರಿ ಸಲ್ಲದು.

ಉಳಿದ ಒಂಬತ್ತು ಪಿರಿಯಡ್ಡುಗಳ ವಿಷಯಕ್ಕೆ ಬರೋಣ. ಆಟ, ಹಾಡು, ಚಿತ್ರ, ಕಥೆ ಓದುವುದು ಎಂದು ಅವುಗಳಲ್ಲಿ ಆರನ್ನು ಇಡೀ ಶಾಲೆಗೆ ಒಟ್ಟಿಗೆ ಇಟ್ಟು, ಇಬ್ಬರೂ ಸರದಿಯಂತೆ ನಡೆಸಿದರೆ ಪ್ರತಿಯೊಬ್ಬರಿಗೂ ವಾರಕ್ಕೆ ಮೂರು ಪಿರಿಯಡ್ ಬಿಡುವು ಸಿಗುತ್ತದೆ. ಬೋಧನೆ 42 ಪಿರಿಯಡ್, ಅಂದರೆ 28 ಗಂಟೆ. ಶಿಕ್ಷಕರ ವಾರದ ದುಡಿಮೆ ಪಾಠದ ತಯಾರಿಯೂ ಸೇರಿ 45 ಗಂಟೆ ಎನ್ನುತ್ತದೆ ಕಾಯ್ದೆ. ಉಳಿದ 17 ಗಂಟೆಯನ್ನು ಪ್ರಾರ್ಥನೆ, ಊಟದ ಉಸ್ತುವಾರಿ, ದಾಖಲೆ, ತಯಾರಿಗಳ ನಡುವೆ ಹಂಚಿ ಬರೆದಿಡದಿದ್ದರೆ ದಾಖಲೆಯೇ ಎಲ್ಲವನ್ನೂ ನುಂಗುತ್ತದೆ. ಆ ಮೂರು ಬಿಡುವಿನಲ್ಲಿ ಒಂದಾದರೂ ಮರುವಾರದ ಅಭ್ಯಾಸದ ಹಾಳೆ ಸಿದ್ಧಪಡಿಸಲು ಮೀಸಲಿರಲಿ. ಹಾಳೆ ಇಲ್ಲದಿದ್ದರೆ ಶಿಕ್ಷಕರಿಲ್ಲದ ಆ 25 ನಿಮಿಷ ಗಲಾಟೆಯಾಗುತ್ತದೆ, ಇಲ್ಲವೇ ಬೋರ್ಡು ನೋಡಿ ಬರೆಯುವುದಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಪಟ್ಟಿ ಮುರಿದುಬೀಳುವುದು ಒಬ್ಬರು ಬಾರದ ದಿನ. ತರಬೇತಿ, ಸಭೆ, ರಜೆ, ಚುನಾವಣೆ, ಜನಗಣತಿ ಇದ್ದೇ ಇವೆ. ಕೊನೆಯ ಎರಡನ್ನು ಕಾಯ್ದೆಯೇ ಶಿಕ್ಷಕರಿಗೆ ವಹಿಸಲು ಅನುಮತಿಸಿದೆ. ಅದಕ್ಕಾಗಿ ಒಂಟಿ ಶಿಕ್ಷಕರ ದಿನದ ಇನ್ನೊಂದು ವೇಳಾಪಟ್ಟಿಯನ್ನು ಮೊದಲೇ ಬರೆದಿಡಬೇಕು. ಆ ದಿನ ಹೊಸ ಪಾಠವಿಲ್ಲ. ಬೆಳಿಗ್ಗೆ ನಲಿ-ಕಲಿ ಗುಂಪಿನ ಬಳಿ ಶಿಕ್ಷಕರಿದ್ದಾಗ ದೊಡ್ಡವರಿಗೆ ಅಲಮಾರಿಯಲ್ಲಿಟ್ಟ ಅಭ್ಯಾಸದ ಹಾಳೆ, ಬಳಿಕ ಅದಲುಬದಲು. ಮಧ್ಯಾಹ್ನ ಎಲ್ಲರಿಗೂ ಒಂದೇ ಕಥೆ: ಚಿಕ್ಕವರು ಚಿತ್ರ ಬರೆಯಲಿ, ಮೂರನೆಯವರು ನಾಲ್ಕು ವಾಕ್ಯ, ಐದನೆಯವರು ಕಥೆಯ ಮುಂದಿನ ಭಾಗ. ಐದನೆಯ ಮಕ್ಕಳು ಚಿಕ್ಕವರ ಜೊತೆ ಕೂತು ಓದಿಸಬಹುದು, ಆದರೆ 20 ನಿಮಿಷಕ್ಕಿಂತ ಹೆಚ್ಚು ಬೇಡ. ಅವರೂ ಕಲಿಯಲು ಬಂದವರು.

ವ್ಯವಸ್ಥೆ ನಡೆಯುತ್ತಿದೆಯೇ ಎಂದು ತಿಳಿಯಲು ಇನ್‌ಸ್ಪೆಕ್ಟರೇ ಬರಬೇಕಿಲ್ಲ, ನಾಲ್ಕನೆಯ ಮಗುವಿನ ನೋಟ್‌ಬುಕ್ ಸಾಕು. ಪುಟಗಟ್ಟಲೆ ಪಾಠ ನಕಲಾಗಿದ್ದು, ಎಲ್ಲರ ಪುಸ್ತಕದಲ್ಲೂ ಒಂದೇ ಉತ್ತರವಿದ್ದು, ಕೆಂಪು ಶಾಯಿಯ ಸುಳಿವೇ ಇಲ್ಲದಿದ್ದರೆ ಆ 25 ನಿಮಿಷ ಬರಿದೇ ಹೋಗುತ್ತಿದೆ ಎಂದರ್ಥ. ಮಗುವಿನದೇ ತಪ್ಪುಗಳು, ಅವುಗಳ ಪಕ್ಕದಲ್ಲಿ ತಿದ್ದುಪಡಿ ಕಂಡರೆ ಪಟ್ಟಿ ಕೆಲಸ ಮಾಡುತ್ತಿದೆ. ಎಸ್‌ಡಿಎಂಸಿಯಲ್ಲಿರುವ ಪೋಷಕರು ಜೂನ್ ತಿಂಗಳ ಸಭೆಯಲ್ಲಿ ಎರಡನ್ನು ಕೇಳಿ ಪಡೆಯಲಿ: ಶಿಕ್ಷಕರು ಯಾವ ಹೊತ್ತಿಗೆ ಯಾರ ಬಳಿ ಇರುತ್ತಾರೆಂದು ತೋರಿಸುವ ವೇಳಾಪಟ್ಟಿ, ಮತ್ತು ಒಬ್ಬರೇ ಇರುವ ದಿನದ ವೇಳಾಪಟ್ಟಿ.