ಮುರಿದು ನೋಡಿ, ಮೂಸಿ ನೋಡಿ

ಬೆಳಕಿನಡಿ ಫಳಫಳ ಹೊಳೆಯುವ ಬಾದಾಮಿ ಕಂಡರೆ ಕೊಳ್ಳುವ ಮನಸ್ಸಾಗುವುದು ಸಹಜ. ಆದರೆ ಬಾದಾಮಿಯ ಸಿಪ್ಪೆ ಹುಟ್ಟಾ ಹೊಳೆಯುವಂಥದ್ದಲ್ಲ. ಅದು ಮಂಕಾಗಿ, ಒರಟಾಗಿ, ಉದ್ದುದ್ದ ಗೆರೆಗಳಿಂದ ಕೂಡಿರುತ್ತದೆ. ಒಂದು ಹಿಡಿ ಕೈಯಲ್ಲಿ ಆಡಿಸಿದರೆ ಬೆರಳಿಗೆ ಕಂದು ಪುಡಿ ಅಂಟಬೇಕು. ಪುಡಿಯ ಬದಲು ಜಿಡ್ಡು ಅಂಟಿದರೆ ಯಾರೋ ಅದಕ್ಕೆ ಎಣ್ಣೆ ಸವರಿದ್ದಾರೆ ಎಂದು ಅನುಮಾನಿಸಬೇಕು. ಹಳೆಯ ದಾಸ್ತಾನಿನ ಬಣ್ಣಗೆಟ್ಟ ಮುಖಕ್ಕೆ ಕಳೆ ಕೊಡುವ ಅಗ್ಗದ ಉಪಾಯ ಇದು. ಹೊರಗೆ ಸವರಿದ ಎಣ್ಣೆ ಒಳಗಿನ ಹಳತನ್ನು ಮುಚ್ಚುತ್ತದಷ್ಟೇ ಅಲ್ಲ, ಅದು ತಾನೂ ಕೆಲವು ವಾರಗಳಲ್ಲಿ ಕಮಟಾಗುತ್ತದೆ.

ಈ ಕಮಟು ಬರುವುದು ಎಲ್ಲಿಂದ? ಬೀಜದೊಳಗಿನ ಎಣ್ಣೆಯಿಂದಲೇ. ಗಾಳಿಯ ಆಮ್ಲಜನಕ ಎಣ್ಣೆಯೊಡನೆ ಬೆರೆತು ಅದನ್ನು ಒಡೆಯುತ್ತಾ ಹೋಗುತ್ತದೆ. ಶಾಖ ಮತ್ತು ಬೆಳಕು ಇದ್ದರೆ ಆ ಕೆಲಸ ಇನ್ನೂ ಬೇಗ ಆಗುತ್ತದೆ. ಎಲ್ಲ ಬೀಜಗಳೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಗೋಡಂಬಿಯಲ್ಲಿ ನೂರಕ್ಕೆ ಸುಮಾರು 45 ಭಾಗ, ಬಾದಾಮಿಯಲ್ಲಿ ಸುಮಾರು 50 ಭಾಗ ಕೊಬ್ಬಿದ್ದರೂ ಅದರಲ್ಲಿ ಹೆಚ್ಚಿನದು ಗಾಳಿಗೆ ಸುಲಭವಾಗಿ ಬಗ್ಗದ ಬಗೆಯದು. ಅಕ್ರೋಟಿನಲ್ಲಿ ಸುಮಾರು 65 ಭಾಗ ಕೊಬ್ಬು, ಅದರಲ್ಲೂ ಬಹುಪಾಲು ಅಗಸೆ ಎಣ್ಣೆಯ ಹಾಗೆ ಬೇಗ ಗಾಳಿ ಹಿಡಿಯುವಂಥದ್ದು. ಹಿಂದೆ ಯುರೋಪಿನ ಚಿತ್ರಕಾರರು ಬಣ್ಣ ಕಲಸಲು ಅಗಸೆ ಎಣ್ಣೆಯ ಜೊತೆಗೆ ಅಕ್ರೋಟಿನ ಎಣ್ಣೆಯನ್ನೂ ಬಳಸುತ್ತಿದ್ದದ್ದು ಇದೇ ಗುಣಕ್ಕಾಗಿ. ಗಾಳಿ ತಾಗಿದರೆ ಅದು ಗಟ್ಟಿಯಾಗುತ್ತದೆ. ಕೆಟ್ಟ ಅಕ್ರೋಟು ಹೊಸದಾಗಿ ಪೇಂಟ್ ಹೊಡೆದ ಕೋಣೆಯ ವಾಸನೆ ಬೀರುವುದೂ ಅದಕ್ಕೇ.

ಹಾಗಾಗಿ ಅಂಗಡಿಯ ಗುಣ ಅಳೆಯಬೇಕಾದರೆ ಮೊದಲು ಅಕ್ರೋಟು ಕೇಳಿ. ಅದು ಚೆನ್ನಾಗಿದ್ದರೆ ಉಳಿದವನ್ನೂ ಕಾಳಜಿಯಿಂದ ಇಟ್ಟಿರುವ ಸಾಧ್ಯತೆ ಹೆಚ್ಚು. ಎರಡು ಮೂರು ತಿರುಳನ್ನು ಅಂಗೈಯಲ್ಲಿ ಹಿಡಿದು ಮುಷ್ಟಿ ಕಟ್ಟಿ, ಅರ್ಧ ನಿಮಿಷ ಬಿಟ್ಟು ಮೂಸಿ. ಏಸಿ ಹಾಕಿದ ಅಂಗಡಿಯಲ್ಲಿ ತಣ್ಣಗಿರುವ ಬೀಜ ವಾಸನೆಯನ್ನು ಬಿಟ್ಟುಕೊಡುವುದಿಲ್ಲ, ಕೈಯ ಬಿಸಿಗೆ ಬಿಟ್ಟುಕೊಡುತ್ತದೆ. ಪಕ್ಕದಲ್ಲೇ ಊದುಬತ್ತಿ ಉರಿಯುತ್ತಿದ್ದರೆ ಅಥವಾ ಏಲಕ್ಕಿ, ಲವಂಗದ ಡಬ್ಬಿಗಳು ತೆರೆದಿದ್ದರೆ ಹೊರಗೆ ಬಂದು ಮೂಸುವುದು ವಾಸಿ. ಒಳ್ಳೆಯದಾದರೆ ಹೆಚ್ಚೇನೂ ವಾಸನೆ ಇರುವುದಿಲ್ಲ, ಇದ್ದರೂ ಹಸಿ ಮರದಂಥ ನವಿರಾದ ಪರಿಮಳ.

ಆಮೇಲೆ ಬಾಯಿಗೆ ಹಾಕಿ ನೋಡಿ. ಇಲ್ಲೊಂದು ಗೊಂದಲ ಬಹಳ ಜನರಿಗೆ ಆಗುತ್ತದೆ. ಅಕ್ರೋಟಿನ ತೆಳು ಸಿಪ್ಪೆ ಸ್ವಭಾವತಃ ಒಗರು, ತುಸು ಕಹಿ. ಅದು ಕೆಟ್ಟದ್ದರ ಗುರುತಲ್ಲ. ಉಗುರಿನಿಂದ ಸಿಪ್ಪೆ ಕೆರೆದು ಒಳಗಿನ ಬಿಳಿ ತಿರುಳನ್ನಷ್ಟೇ ಅಗಿಯಿರಿ. ಅದು ಸಿಹಿಯಾಗಿ, ಬೆಣ್ಣೆಯಾಗಿ ಕರಗಿದರೆ ಸರಿ. ಬಿಳಿ ತಿರುಳೂ ಕಹಿಯಾಗಿ, ನುಂಗಿದ ಮೇಲೆ ಗಂಟಲು ಕೆರೆದಂತಾದರೆ ಕಮಟು ಹಿಡಿದಿದೆ ಎಂದೇ ಅರ್ಥ. ಚೂರಾದ ಅಕ್ರೋಟಿಗಿಂತ ಇಡಿಯ ಹೋಳು ಬಾಳಿಕೆ ಬರುತ್ತದೆ, ಹೋಳಿಗಿಂತ ಚಿಪ್ಪಿನೊಳಗಿನದು ಇನ್ನೂ ಹೆಚ್ಚು ದಿನ. ಚಿಪ್ಪಿನದನ್ನು ಅಲ್ಲಾಡಿಸಿದಾಗ ಒಳಗೆ ಕಟಕಟ ಎಂದರೆ ತಿರುಳು ಬತ್ತಿದೆ. ಕಾಶ್ಮೀರದ ಅಕ್ರೋಟು ಸೆಪ್ಟೆಂಬರ್ ಸುಮಾರಿಗೆ ಮರದಿಂದ ಇಳಿಯುವುದರಿಂದ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಹೊಸದು ಸಿಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಅದನ್ನೇ ಚಿಲ್ಲರೆಯಾಗಿ ಕೊಳ್ಳುವಾಗ ಎರಡು ಸಲ ಮೂಸಿ.

ಬಾದಾಮಿಯನ್ನು ಕಚ್ಚಿ ಎರಡು ಮಾಡಿದರೆ ಪಟ್ ಎಂಬ ಸದ್ದು ಬರಬೇಕು, ಒಳಗೆ ದಂತದ ಬಿಳುಪು ಕಾಣಬೇಕು. ಹಳದಿ ತಿರುಗಿದ್ದರೆ, ಅಂಚಿನಲ್ಲಿ ಮೇಣದಂತೆ ಅರೆಪಾರದರ್ಶಕವಾಗಿದ್ದರೆ ಬಿಟ್ಟುಬಿಡಿ. ಎಣ್ಣೆ ಸವರಿದೆಯೋ ಎಂದು ತಿಳಿಯಲು ಇಡಿ ಬಾದಾಮಿಗಳನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಹಗುರವಾಗಿ ಉರುಳಿಸಿದರೆ ಸಾಕು. ಒತ್ತಿ ಜಜ್ಜಬಾರದು, ಜಜ್ಜಿದರೆ ಒಳ್ಳೆಯ ಬಾದಾಮಿಯೂ ತನ್ನದೇ ಎಣ್ಣೆ ಬಿಡುತ್ತದೆ.

ಗೋಡಂಬಿ ವಿಷಯದಲ್ಲಿ ನಾವು ಸಂಖ್ಯೆಗೆ ಮೋಸಹೋಗುತ್ತೇವೆ. ಡಬ್ಲ್ಯೂ 180, ಡಬ್ಲ್ಯೂ 240, ಡಬ್ಲ್ಯೂ 320 ಎಂಬ ದರ್ಜೆಗಳು ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಹೆಚ್ಚೆಂದರೆ ಎಷ್ಟು ಇಡಿ ಬೀಜ ತೂಗುತ್ತವೆ ಎನ್ನುವುದನ್ನು ಹೇಳುತ್ತವೆ. ಸಂಖ್ಯೆ ಕಡಿಮೆಯಾದಷ್ಟೂ ಬೀಜ ದಪ್ಪ, ಬೆಲೆ ದುಬಾರಿ. ತಾಜಾತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮಂಗಳೂರು ಕಡೆಯ ಕಾರ್ಖಾನೆಗಳಲ್ಲಿ ಗೋಡಂಬಿಯನ್ನು ತಗಡಿನ ಡಬ್ಬಿಗೋ ಚೀಲಕ್ಕೋ ತುಂಬುವಾಗ ಒಳಗಿನ ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ಅಥವಾ ಸಾರಜನಕ ತುಂಬುತ್ತಾರೆ. ಅದು ಮುಚ್ಚಿರುವ ತನಕ ಬೀಜ ಚೆನ್ನಾಗಿರುತ್ತದೆ. ಅಂಗಡಿಯವರು ಅದನ್ನು ಒಡೆದು ಗಾಜಿನ ಜಾಡಿಗೆ ಸುರಿದ ದಿನದಿಂದ ಲೆಕ್ಕ ಶುರು. ಆದ್ದರಿಂದ ಯಾವ ದರ್ಜೆ ಎಂದು ಕೇಳುವುದಕ್ಕಿಂತ ಡಬ್ಬಿ ಯಾವಾಗ ಒಡೆದಿರಿ ಎಂದು ಕೇಳುವುದು ಜಾಣತನ. ಇನ್ನೊಂದು ಮಾತು: ಮೆತ್ತಗಾದ ಗೋಡಂಬಿಯೆಲ್ಲ ಕೆಟ್ಟದ್ದಲ್ಲ. ಮಳೆಗಾಲದ ಥಂಡಿ ಹೀರಿಕೊಂಡಿರಬಹುದು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಗರಿಗರಿಯಾಗುತ್ತದೆ. ಕಮಟು ಮಾತ್ರ ಯಾವ ಹುರಿಯುವಿಕೆಗೂ ಹೋಗದು. ಖಾರ ಮಸಾಲೆ ಹಾಕಿದ ಗೋಡಂಬಿ, ಬಿಡಿಯಾಗಿ ಮಾರುವ ಬಾದಾಮಿ ಪುಡಿ ಇವುಗಳಲ್ಲಿ ಹಳೆಯ ಮಾಲು ಸುಲಭವಾಗಿ ಅಡಗಿಕೊಳ್ಳುತ್ತದೆ. ಅವನ್ನು ಬಿಡಿಯಾಗಿ ಕೊಳ್ಳದಿರುವುದೇ ಒಳ್ಳೆಯದು.

ಒಣದ್ರಾಕ್ಷಿಯದು ಬೇರೆ ಕತೆ. ಅದರಲ್ಲಿ ಎಣ್ಣೆಯೇ ಇಲ್ಲದಂತೆ, ಇರುವುದೆಲ್ಲ ಸಕ್ಕರೆ. ವಿಜಯಪುರದ ಕಡೆ ಒಣಗಿಸುವ ಮೊದಲು ದ್ರಾಕ್ಷಿ ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲವಾಗಿ ನೀರು ಬೇಗ ಆರಲು ಇದು ಬೇಕು. ಇದು ಕಲಬೆರಕೆಯಲ್ಲ. ಕಾಳುಗಳು ಅಂಟಿಕೊಳ್ಳದಿರಲೆಂದು, ಮಿಂಚಲೆಂದು ಆಮೇಲೆ ಧಾರಾಳವಾಗಿ ಎಣ್ಣೆ ಹಚ್ಚಿದರೆ ಮಾತ್ರ ದೂರಬೇಕಾದ ಸಂಗತಿ. ಒಂದು ಹಿಡಿಯನ್ನು ಕಾಗದದಲ್ಲಿ ಸುತ್ತಿ ರಾತ್ರಿ ಇಡಿ. ಬೆಳಗ್ಗೆ ಕಾಗದವನ್ನು ಆರಲು ಬಿಟ್ಟು ಬೆಳಕಿಗೆ ಹಿಡಿಯಿರಿ: ತೇವದ ಕಲೆ ಆರಿಹೋಗುತ್ತದೆ, ಎಣ್ಣೆಯ ಕಲೆ ಪಾರದರ್ಶಕವಾಗಿ ಉಳಿಯುತ್ತದೆ. ಬಿಸಿನೀರಿಗೆ ಹಾಕಿದಾಗ ಮೇಲೆ ಎಣ್ಣೆಯ ಕಣ್ಣುಗಳು ತೇಲಿದರೂ ಅದೇ ತೀರ್ಪು. ಮೇಲೆ ಬಿಳಿಯಾಗಿ ಹರಳುಗಟ್ಟಿದ್ದು ಸಕ್ಕರೆಯಾದರೆ ಅದೇ ನೀರಿನಲ್ಲಿ ಕರಗುತ್ತದೆ. ಹತ್ತಿಯಂತೆ ನವಿರಾಗಿ, ಮುಗ್ಗಲು ವಾಸನೆ ಇದ್ದರೆ ಅದು ಬೂಷ್ಟು. ಬೂಷ್ಟು ಹಿಡಿದದ್ದನ್ನು, ಅದು ದ್ರಾಕ್ಷಿಯಾಗಲಿ ಪಿಸ್ತಾ ಆಗಲಿ, ತೊಳೆದು ತಿನ್ನುವ ಯೋಚನೆ ಬೇಡ. ಬಂಗಾರದ ಬಣ್ಣದ ದ್ರಾಕ್ಷಿಗೆ ಸಾಮಾನ್ಯವಾಗಿ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಆಸ್ತಮಾ ಇರುವವರಲ್ಲಿ ಕೆಲವರಿಗೆ ಅದು ಆಗದು, ಅಂಥವರು ಪೊಟ್ಟಣದ ಮೇಲೆ 220 ಎಂಬ ಸಂಖ್ಯೆ ಇದೆಯೇ ಎಂದು ನೋಡಬೇಕು.

ಮನೆಗೆ ತಂದ ಮೇಲೆ ಹಳೆಯ ಡಬ್ಬಿಯ ಉಳಿಕೆಯ ಮೇಲೆ ಹೊಸದನ್ನು ಸುರಿಯಬೇಡಿ. ಒಲೆಯ ಪಕ್ಕದ ಕಪಾಟು, ಕಿಟಕಿಯ ಬಳಿಯ ಗಾಜಿನ ಜಾಡಿ ಎರಡೂ ಒಳ್ಳೆಯ ಜಾಗಗಳಲ್ಲ. ಅಕ್ರೋಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಸುಮಾರು ಆರು ತಿಂಗಳು, ಫ್ರೀಜರಿನಲ್ಲಿಟ್ಟರೆ ಒಂದು ವರ್ಷ ಬರುತ್ತದೆ. ಮುಚ್ಚಳ ಸಡಿಲವಿದ್ದರೆ ಈರುಳ್ಳಿ, ಬೆಳ್ಳುಳ್ಳಿಯ ವಾಸನೆಯನ್ನು ಬೀಜ ಹೀರಿಕೊಳ್ಳುತ್ತದೆ. ಹೊರತೆಗೆದ ತಕ್ಷಣ ಡಬ್ಬಿ ತೆರೆಯಬೇಡಿ, ಇಲ್ಲವಾದರೆ ತಣ್ಣನೆಯ ಬೀಜದ ಮೇಲೆ ಹನಿಗಟ್ಟಿ ಬೂಷ್ಟಿಗೆ ದಾರಿಯಾಗುತ್ತದೆ. ಹಬ್ಬಕ್ಕೆ ಬಂದ ಉಡುಗೊರೆ ಪೆಟ್ಟಿಗೆಗಳನ್ನು ಮಾತ್ರ ಕೂಡಿಡಬೇಡಿ. ಪಾರದರ್ಶಕ ಮುಚ್ಚಳದಡಿ ಅವು ಎಷ್ಟು ದಿನ ದೀಪದ ಬೆಳಕಿನಲ್ಲಿ ಕೂತಿದ್ದವೋ ತಿಳಿಯದು. ತೆರೆದ ದಿನವೇ ಅಕ್ರೋಟಿನಿಂದ ಶುರುಮಾಡಿ.